ಒಂದು ಬಿಟ್ಟು ಒಂದು ಸಂಖ್ಯೆಗೆ ಬೇರೆ ನಿಯಮ: ಬೇಗ ಪತ್ತೆ ಹಚ್ಚೋದು ಹೇಗೆ?

ಪಿಡಿಒ ಕನಸು

ನಿನ್ನೆ ಬರೆದ ಮಾಕ್ ಟೆಸ್ಟ್‌ನಲ್ಲಿ ಈ ಸರಣಿ ಕೇಳಿದ್ದರು:

7, 50, 10, 45, 14, 40, 19, 35, ?

ಆಯ್ಕೆಗಳು 24, 25, 26, 30. ನಾನು ಎಂದಿನ ಹಾಗೆ ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ಬರೆಯುತ್ತಾ ಕೂತೆ. +43, −40, +35, −31, +26, −21, +16. ಏನೋ ಇದೆ ಅನ್ನಿಸಿತು, ಆದರೆ ಕೈಗೆ ಸಿಗಲಿಲ್ಲ. ವ್ಯತ್ಯಾಸಗಳ ವ್ಯತ್ಯಾಸ ತೆಗೆದೆ, ಇನ್ನಷ್ಟು ಗೋಜಲಾಯಿತು. ಮೂರು ನಿಮಿಷ ಸುಟ್ಟ ಮೇಲೆ ಬಿಟ್ಟು ಮುಂದೆ ಹೋದೆ. ಮನೆಗೆ ಬಂದು ಉತ್ತರ ನೋಡಿದರೆ ಇದು ಒಂದು ಸರಣಿಯೇ ಅಲ್ಲ, ಎರಡನ್ನು ಹೆಣೆದಿದ್ದಾರೆ: 7, 10, 14, 19 ಒಂದು, 50, 45, 40, 35 ಇನ್ನೊಂದು. ಉತ್ತರ 25.

ಬಿಡಿಸಿ ತೋರಿಸಿದ ಮೇಲೆ ನನ್ನ ತಮ್ಮನಿಗೂ ಅರ್ಥವಾಗುತ್ತೆ. ನನ್ನ ತೊಂದರೆ ಅದಲ್ಲ. ಹಾಲ್‌ನಲ್ಲಿ ಕೂತಾಗ ಇದು ಎರಡು ಸರಣಿ ಅಂತ ಮೊದಲ ಹತ್ತು ಸೆಕೆಂಡಲ್ಲಿ ಗೊತ್ತಾಗೋದು ಹೇಗೆ?

ಶಾರ್ಟ್‌ಕಟ್ ಗುರು

ಇದಕ್ಕೆ ಇಷ್ಟುದ್ದ ಯಾಕೆ ಬ್ರೋ. ಸಂಖ್ಯೆ ಏರಿ ಇಳಿದು ಏರಿ ಇಳಿದು ಹೋದರೆ ಎರಡು ಸರಣಿ. ಒಂದೇ ಸಮ ಏರಿದರೆ ಅಥವಾ ಇಳಿದರೆ ಒಂದೇ ಸರಣಿ. ಇಷ್ಟೇ ರೂಲ್. 7ರಿಂದ 50ಕ್ಕೆ ಹಾರಿ ಮತ್ತೆ 10ಕ್ಕೆ ಬಿದ್ದಾಗಲೇ ಗೊತ್ತಾಗಬೇಕಿತ್ತು.

ಕಾಫಿ ತೋಟ

ಬೆಸ ಸಂಖ್ಯೆ ಒಂದು ಕಡೆ, ಸಮ ಸಂಖ್ಯೆ ಒಂದು ಕಡೆ ಬರೆದುಕೊಳ್ಳಿ ಅಂತ ನಮ್ಮ ಸರ್ ಹೇಳುತ್ತಿದ್ದರು. ಇಲ್ಲಿ ಬೆಸ ಅಂದರೆ 7, 45, 19, 35. ಸಮ ಅಂದರೆ 50, 10, 14, 40. ನನಗಂತೂ ಯಾವ ನಿಯಮವೂ ಕಾಣುತ್ತಿಲ್ಲ. ಪ್ರಶ್ನೆಯೇ ತಪ್ಪಿರಬಹುದಾ?

ಪಿಡಿಒ ಕನಸು

ಇಲ್ಲ ಸರ್, ಬೆಸ ಸ್ಥಾನ, ಸಮ ಸ್ಥಾನ. ಸಂಖ್ಯೆ ಯಾವುದೇ ಇರಲಿ. ಒಂದನೆಯದು, ಮೂರನೆಯದು, ಐದನೆಯದು ಒಂದು ಸಾಲು, ಎರಡು, ನಾಲ್ಕು, ಆರನೆಯವು ಇನ್ನೊಂದು ಸಾಲು.

ಕಾಫಿ ತೋಟ

ಓ! ಹಾಗಾ. ನಮ್ಮ ಸರ್ ಕೂಡ ಬಹುಶಃ ಅದನ್ನೇ ಹೇಳಿದ್ದರೇನೋ. ಇಷ್ಟು ವರ್ಷ ನಾನು ಬೇರೆ ಏನನ್ನೋ ಮಾಡುತ್ತಿದ್ದೆ 😅

ನಿವೃತ್ತ ಮೇಷ್ಟ್ರು

ಪಿಡಿಒ ಕನಸು ಅವರೇ, ನೀವು ಬರೆದುಕೊಂಡ ವ್ಯತ್ಯಾಸಗಳು ವ್ಯರ್ಥವಾಗಿರಲಿಲ್ಲ, ಅದನ್ನು ಮೊದಲು ಹೇಳುತ್ತೇನೆ. ನೀವು ಅಳಿಸಿ ಮತ್ತೆ ಶುರು ಮಾಡುವ ಬದಲು, ಅಕ್ಕಪಕ್ಕದ ಎರಡೆರಡು ವ್ಯತ್ಯಾಸಗಳನ್ನು ಕೂಡಬೇಕಿತ್ತು. 43ಕ್ಕೆ −40 ಕೂಡಿದರೆ 3. −40ಕ್ಕೆ 35 ಕೂಡಿದರೆ −5. 35ಕ್ಕೆ −31 ಕೂಡಿದರೆ 4. ಹೀಗೇ ಮುಂದೆ ಹೋದರೆ ಸಿಗುವುದು:

3, −5, 4, −5, 5, −5

ಈ ಸಾಲನ್ನು ಕಣ್ಣಾರೆ ನೋಡಿ. ನಡುನಡುವೆ −5 ಕೂತಿದೆ, ಅದರ ಮಧ್ಯೆ 3, 4, 5 ನಡೆದು ಬರುತ್ತಿದೆ. ಗುಟ್ಟು ಅಲ್ಲೇ ಬಯಲು. ಕಾರಣ ಬಹಳ ಸರಳ: 7ರಿಂದ 50ಕ್ಕೆ, 50ರಿಂದ 10ಕ್ಕೆ ಹೋದದ್ದನ್ನು ಕೂಡಿದರೆ 7ರಿಂದ 10ಕ್ಕೆ ಹೋದ ಹಾಗೇ ಆಯಿತಲ್ಲ. ನಡುವಿನ 50 ತಾನಾಗಿ ಬಿದ್ದುಹೋಗುತ್ತದೆ.

ವ್ಯತ್ಯಾಸ ಬರೆಯುವ ಮೊದಲೇ ಅನುಮಾನ ಬಂದಿದ್ದರೆ ಅದೂ ಬೇಡ. ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಪೆನ್ನಿನ ತುದಿ ಇಟ್ಟು, ಅಲ್ಲಿಂದ ಹಿಂದಕ್ಕೆ ಕುಂಟೆಬಿಲ್ಲೆ ಆಡಿದ ಹಾಗೆ ಒಂದು ಮನೆ ಬಿಟ್ಟು ಒಂದು ಮನೆಗೆ ಜಿಗಿಯಿರಿ: 19, 14, 10, 7. ಇಳಿಯುವುದು 5, 4, 3. ಹಾಗಾದರೆ 19ರಿಂದ ಮುಂದಕ್ಕೆ 6, ಉತ್ತರ 25. ಇದರಲ್ಲಿ ಬೆಸ ಸ್ಥಾನವೋ ಸಮ ಸ್ಥಾನವೋ ಅಂತ ಎಣಿಸುವ ಕೆಲಸವೇ ಇಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನ ಅನುಭವ ಇದು: ಮಕ್ಕಳು ನಿಯಮ ಕಂಡುಹಿಡಿಯುವುದರಲ್ಲಿ ತಪ್ಪುವುದಕ್ಕಿಂತ, ಖಾಲಿ ಜಾಗ ಯಾವ ಸಾಲಿಗೆ ಸೇರಿದ್ದು ಎನ್ನುವುದರಲ್ಲಿ ತಪ್ಪುವುದೇ ಹೆಚ್ಚು.

ಗದಗ ಗಿರಮಿಟ್

ಮೇಷ್ಟ್ರ, ನೀವು ಹೇಳಿದ್ದು ನನ್ನ ಬಗ್ಗೆನ ಐತಿ ನೋಡ್ರಿ. ಇದ ಟೆಸ್ಟ್ ನಾನೂ ಬರದೀನಿ. ಎರಡು ಸಾಲ ಅಂತ ಅರ್ಧ ನಿಮಿಷದಾಗ ಗೊತ್ತಾತು. ಖುಷಿಯೊಳಗ 50, 45, 40, 35 ಕಂಡ ಕೂಡಲೇ 30 ಅಂತ ಗುಂಡು ತುಂಬಿ ಬಂದೆ. ಕೊನೀಗೆ 35 ಇತ್ತಲ್ಲ, ಅದರ ಮುಂದ 30 ಅಂತ ಕೈ ತಾನ ಹೋತು. ಆಯ್ಕೆದಾಗ 30 ಸುಮ್ನ ಇಟ್ಟಿರಲಿಲ್ಲ ಅಂತ ಈಗ ತಿಳೀತು. ಕಾಲು ಅಂಕ ಬ್ಯಾರೆ ಕಳಕೊಂಡೆ.

ನಿವೃತ್ತ ಮೇಷ್ಟ್ರು

ಹೌದು, 30 ಬೇಕಂತಲೇ ಇಟ್ಟ ಬಲೆ. ಪ್ರಶ್ನೆ ತೆಗೆಯುವವರು ಇನ್ನೊಂದು ಸಾಲಿನ ಮುಂದಿನ ಸಂಖ್ಯೆಯನ್ನು ಆಯ್ಕೆಗಳಲ್ಲಿ ಸೇರಿಸುವುದು ರೂಢಿ. ಇದನ್ನು ತಿರುಗಿಸಿ ಉಪಯೋಗಿಸಲೂಬಹುದು. ಆಯ್ಕೆಗಳಲ್ಲಿ ಮೂರು ಹತ್ತಿರ ಹತ್ತಿರ ಇದ್ದು ಒಂದು ಮಾತ್ರ ದೂರ ಇದ್ದರೆ, ಎರಡು ಸಾಲಿದೆಯೇನೋ ಎಂದು ಒಮ್ಮೆ ಜಿಗಿದು ನೋಡಿ. ಇದು ಸುಳಿವು ಅಷ್ಟೆ, ಇದನ್ನೇ ನೆಚ್ಚಿಕೊಂಡು ಉತ್ತರ ಗುರುತು ಮಾಡಬೇಡಿ.

ಮಂಗಳೂರು ಮಳೆ

ನಾನು ಬ್ಯಾಂಕ್ ಪರೀಕ್ಷೆಗಳನ್ನು ನಾಲ್ಕು ವರ್ಷ ಬರೆದು ಈಗ ಕೆಲಸದಲ್ಲಿದ್ದೇನೆ. ಶಾರ್ಟ್‌ಕಟ್ ಗುರು ಅವರ ರೂಲ್ ಅರ್ಧ ಸರಿ ಮಾರಾಯ್ರೆ. ಇದನ್ನು ನೋಡಿ:

3, 4, 6, 8, 12, 16, 24, 32, ?

ಎಲ್ಲೂ ಇಳಿಯುವುದೇ ಇಲ್ಲ, ಏರುತ್ತಲೇ ಹೋಗುತ್ತದೆ. ನಿಮ್ಮ ಪ್ರಕಾರ ಒಂದೇ ಸರಣಿ. ಆದರೆ ಜಿಗಿದು ನೋಡಿದರೆ 3, 6, 12, 24 ಮತ್ತು 4, 8, 16, 32. ಎರಡೂ ದುಪ್ಪಟ್ಟಾಗುತ್ತಾ ಹೋಗುವ ಸಾಲುಗಳು, ಒಂದಕ್ಕೊಂದು ಹತ್ತಿರ ಇರುವುದರಿಂದ ಏರಿಳಿತ ಕಾಣುವುದಿಲ್ಲ. ಉತ್ತರ 48.

ಇಂಥದ್ದರಲ್ಲಿ ಪಕ್ಕಪಕ್ಕದ ವ್ಯತ್ಯಾಸ ತೆಗೆದರೆ 1, 2, 2, 4, 4, 8, 8. ಜೋಡಿ ಜೋಡಿಯಾಗಿ ಬರುತ್ತಿದೆ ಅಂದರೆ ಒಳಗೆ ಎರಡು ಸಾಲು ಕೂತಿರಬಹುದು ಅಂತ ನನಗೆ ಅನುಮಾನ ಶುರುವಾಗುತ್ತಿತ್ತು. ಮುಂದಿನದು 16 ಅಂತ ಹಿಡಿದರೆ 32 + 16, ಮತ್ತೆ 48. ಯಾವ ದಾರಿಯಲ್ಲಿ ಹೋದರೂ ಸರಿ.

ಏರಿಳಿತಕ್ಕಿಂತ ಮೊದಲು ನಾನು ನೋಡುತ್ತಿದ್ದದ್ದು ಉದ್ದ. ಒಂದು ಸಾಲಿನ ನಿಯಮ ಕಾಣಬೇಕಾದರೆ ಕನಿಷ್ಠ ಮೂರು ಸಂಖ್ಯೆ ಬೇಕಲ್ಲ, ಎರಡು ಸಾಲಿಗೆ ಆರು. ಪ್ರಶ್ನೆಯಲ್ಲಿ ನಾಲ್ಕೋ ಐದೋ ಸಂಖ್ಯೆ ಕೊಟ್ಟಿದ್ದರೆ ಎರಡು ಸಾಲು ಇರುವ ಸಂಭವ ಕಡಿಮೆ. ಏಳೆಂಟು ಕೊಟ್ಟಿದ್ದರೆ ಇಷ್ಟು ಉದ್ದ ಯಾಕೆ ಕೊಟ್ಟರು ಅಂತ ಮೊದಲು ಕೇಳಿಕೊಳ್ಳಿ.

ಶಾರ್ಟ್‌ಕಟ್ ಗುರು

ಒಪ್ಪಿದೆ ಮೇಡಂ, ಏರಿಳಿತ ಇಲ್ಲದೆಯೂ ಎರಡು ಸರಣಿ ಇರಬಹುದು. ಆದರೆ ಏರಿಳಿತ ಇದ್ದರೆ ಮಾತ್ರ ಗ್ಯಾರಂಟಿ ಎರಡು ಸರಣಿ. ಇದನ್ನು ಯಾರೂ ಸುಳ್ಳು ಮಾಡೋಕಾಗಲ್ಲ.

ನಿವೃತ್ತ ಮೇಷ್ಟ್ರು

ಗ್ಯಾರಂಟಿ ಕೊಡಬೇಡಿ ಗುರುಗಳೇ, ವಾರಂಟಿ ಮುಗಿದೀತು. ಇದನ್ನು ಬಿಡಿಸಿ:

30, 32, 29, 34, 27, 38, 25, ?

ಶಾರ್ಟ್‌ಕಟ್ ಗುರು

ಸುಲಭ. ಹಿಂದಕ್ಕೆ ಜಿಗಿದರೆ 38, 34, 32. ಇಳಿತ 4, 2. ಮುಂದಕ್ಕೆ 6. ಉತ್ತರ 44. ಎಂಟು ಸೆಕೆಂಡ್ 😎

ನಿವೃತ್ತ ಮೇಷ್ಟ್ರು

ಇನ್ನೊಂದು ಸಾಲನ್ನು ನೋಡಿದಿರಾ? 30, 29, 27, 25. ಇಳಿಯುವುದು 1, 2, 2. ಇದಕ್ಕೆ ಯಾವ ನಿಯಮ?

ಶಾರ್ಟ್‌ಕಟ್ ಗುರು

ಅದು ಕೇಳಿಲ್ಲವಲ್ಲ ಸರ್. ಖಾಲಿ ಜಾಗ ಇರೋದು ನನ್ನ ಸಾಲಲ್ಲಿ.

ನಿವೃತ್ತ ಮೇಷ್ಟ್ರು

ಅಲ್ಲಿಯೇ ಎಡವಿದ್ದು. ಖಾಲಿ ಜಾಗ ಇಲ್ಲದ ಸಾಲೇ ನಿಮ್ಮ ಸಾಕ್ಷಿ. ಅದರ ಎಲ್ಲ ಸಂಖ್ಯೆಗಳೂ ಕಣ್ಣ ಮುಂದಿವೆ. ಎರಡು ಸಾಲು ಎಂದು ನೀವು ಭಾಗ ಮಾಡಿದ್ದು ಸರಿಯಾಗಿದ್ದರೆ ಅದೂ ಚೊಕ್ಕವಾಗಿ ನಡೆಯಬೇಕು. ಅದು ಕುಂಟಿದರೆ ನಿಮ್ಮ ಭಾಗವೇ ಅನುಮಾನ.

ಈಗ ಪಕ್ಕಪಕ್ಕದ ವ್ಯತ್ಯಾಸ ತೆಗೆಯಿರಿ: +2, −3, +5, −7, +11, −13. ಅವಿಭಾಜ್ಯ ಸಂಖ್ಯೆಗಳು, ಒಮ್ಮೆ ಕೂಡಿ ಒಮ್ಮೆ ಕಳೆದಿದ್ದಾರೆ. ಮುಂದಿನದು +17, ಉತ್ತರ 42. ಸರಣಿ ಒಂದೇ, ಚಿಹ್ನೆ ಮಾತ್ರ ಬದಲಾಗುತ್ತಿದೆ. ನಿಮ್ಮ ಸಾಲಿನಲ್ಲಿ 32, 34, 38 ಎಂಬ ಮೂರೇ ಸಂಖ್ಯೆ ಇದ್ದುದರಿಂದ 2, 4, 6 ಎಂದು ಕಂಡಿತು. ಮೂರು ಸಂಖ್ಯೆಗೆ ಯಾವ ಅಂಗಿ ತೊಡಿಸಿದರೂ ಒಪ್ಪುತ್ತದೆ.

ಗದಗ ಗಿರಮಿಟ್

ಗುರುಗಳ ವಾರಂಟಿ ಮುಗೀತ್ರಿ 😂

ಪಿಡಿಒ ಕನಸು

ಮೇಷ್ಟ್ರೇ, ಹಾಗಾದರೆ ಇದೂ ನಿಮ್ಮ ಉದಾಹರಣೆಯ ಜಾತಿಯದೇ ಏನು?

5, 10, 7, 14, 11, 22, 19, 38, ?

ಪುಸ್ತಕದಲ್ಲಿ 2ರಿಂದ ಗುಣಿಸಿ, ಆಮೇಲೆ 3 ಕಳೆಯಿರಿ ಅಂತ ಕೊಟ್ಟಿದ್ದಾರೆ. 38 − 3 = 35. ನಾನು ಎರಡು ಸಾಲು ಮಾಡಿ ನೋಡಿದೆ: 5, 7, 11, 19, ಏರಿಕೆ 2, 4, 8, ಮುಂದೆ 16, ಅದೂ 35. ಸಾಕ್ಷಿ ಸಾಲು 10, 14, 22, 38, ಏರಿಕೆ 4, 8, 16. ಎರಡೂ ಚೊಕ್ಕ. ಈಗ ಇದು ಒಂದು ಸರಣಿಯೋ ಎರಡೋ?

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಹಿಡಿದಿರಿ. ಎರಡೂ ಹೌದು. 5ನ್ನು ಇಮ್ಮಡಿಸಿ 3 ಕಳೆದರೆ 7. 7ನ್ನು ಇಮ್ಮಡಿಸಿ 3 ಕಳೆದರೆ 11. ಹಾಗಾಗಿ ಬೆಸ ಸ್ಥಾನಗಳ ಸಾಲಿಗೆ ‘ಇಮ್ಮಡಿಸಿ 3 ಕಳೆ’ ಎಂಬ ಒಂದೇ ನಿಯಮ ಇದೆ. ಸಮ ಸ್ಥಾನದಲ್ಲಿ ಅದೇ ಕೆಲಸ ಹಿಂದುಮುಂದಾಗಿ ನಡೆಯುತ್ತದೆ: 10ರಿಂದ 3 ಕಳೆದು ಇಮ್ಮಡಿಸಿದರೆ 14, 14ರಿಂದ 3 ಕಳೆದು ಇಮ್ಮಡಿಸಿದರೆ 22. ಎರಡು ಕೆಲಸಗಳನ್ನು ಬದಲಾಯಿಸಿ ಬದಲಾಯಿಸಿ ಮಾಡುವ ಯಾವ ಸರಣಿಯನ್ನು ತೆಗೆದುಕೊಂಡರೂ, ಆ ಎರಡು ಕೆಲಸ ಕೊನೆಯವರೆಗೆ ಬದಲಾಗದೆ ಇದ್ದರೆ, ಅದನ್ನು ಎರಡು ಸಾಲಾಗಿ ಬಿಡಿಸಬಹುದು. ಉತ್ತರವೂ ಒಂದೇ ಬರುತ್ತದೆ. ನನ್ನ ಉದಾಹರಣೆಯಲ್ಲಿ ಕೂಡುವ ಕಳೆಯುವ ಸಂಖ್ಯೆ ಪ್ರತಿ ಹೆಜ್ಜೆಗೂ ಬದಲಾಗುತ್ತಿತ್ತು, ಅದೂ ಅವಿಭಾಜ್ಯಗಳ ಹಾಗೆ ಅಡ್ಡಾದಿಡ್ಡಿಯಾಗಿ. ಅದಕ್ಕೇ ಸಾಲುಗಳು ಕೆಟ್ಟವು.

ಆದ್ದರಿಂದ ಹಾಲ್‌ನಲ್ಲಿ ಒಂದೋ ಎರಡೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಯಾವ ದಾರಿಯಲ್ಲಿ ಲೆಕ್ಕ ಬೇಗ ಕಾಣುತ್ತದೋ ಅದನ್ನು ಹಿಡಿಯಿರಿ. 5, 10 ಮತ್ತು 7, 14 ಕಂಡವರಿಗೆ ದುಪ್ಪಟ್ಟು ತಕ್ಷಣ ಹೊಳೆಯುತ್ತದೆ, ಅವರು ಜಿಗಿಯುವ ಅಗತ್ಯವಿಲ್ಲ.

ಅಮ್ಮನ ಹೋಂವರ್ಕ್

ನಮಸ್ಕಾರ. ನಾನು ಪರೀಕ್ಷೆ ಬರೆಯೋಳಲ್ಲ, ಮಗ ಎಂಟನೇ ಕ್ಲಾಸು, ಎನ್‌ಎಂಎಂಎಸ್‌ಗೆ ತಯಾರಿ ಮಾಡ್ತಿದ್ದಾನೆ. ಅವನ ಪುಸ್ತಕದಲ್ಲಿ ಇದಿದೆ:

7, 14, 5, 10, 12, 24, 9, ?

ನಿಮ್ಮದನ್ನೆಲ್ಲ ಓದಿ ಜಿಗಿದು ನೋಡಿದೆ. 14, 10, 24 ಬಂತು. ಇನ್ನೊಂದು ಸಾಲು 7, 5, 12, 9. ಎರಡಕ್ಕೂ ತಲೆಬುಡ ಇಲ್ಲ. ಮಗ ಬಂದು ‘ಅಮ್ಮಾ ಅದು 18’ ಅಂತ ಹೇಳಿ ಆಟಕ್ಕೆ ಓಡಿಹೋದ. ಹೇಗೆ ಅಂತ ಹೇಳಲೇ ಇಲ್ಲ.

ಮಂಗಳೂರು ಮಳೆ

ನಿಮ್ಮ ಮಗ ಸರಿ ಅಕ್ಕ. ಇದನ್ನು ಜೋಡಿ ಜೋಡಿಯಾಗಿ ಓದಬೇಕು: 7ಕ್ಕೆ 14, 5ಕ್ಕೆ 10, 12ಕ್ಕೆ 24, 9ಕ್ಕೆ 18. ಮೊದಲ ಸಂಖ್ಯೆ ಅವರಿಗೆ ಬೇಕಾದ್ದು ಇಡುತ್ತಾರೆ, ಅದರಲ್ಲಿ ನಿಯಮವೇ ಇರುವುದಿಲ್ಲ, ಎರಡನೆಯದು ಅದರಿಂದ ಹುಟ್ಟುತ್ತದೆ. ಎರಡು ಸಾಲೂ ಕುಂಟಿದಾಗ ನಾನು ಮುಂದೆ ಮಾಡುತ್ತಿದ್ದದ್ದು ಇದೇ, ಅಲ್ಪವಿರಾಮಗಳ ನಡುವೆ ಎರಡೆರಡಕ್ಕೆ ಒಂದು ಗೀಟು.

ಅಮ್ಮನ ಹೋಂವರ್ಕ್

ಅಯ್ಯೋ, ಇಷ್ಟೇನಾ! ನಾನು ಒಗ್ಗರಣೆ ಸೀಯಿಸಿಕೊಂಡು ಅರ್ಧ ಗಂಟೆ ಕೂತಿದ್ದೆ.

ಕಾಫಿ ತೋಟ

ಈಗ ನನಗೂ ಹುಮ್ಮಸ್ಸು ಬಂದಿದೆ. ಹಳೆಯ ಪ್ರಶ್ನೆಗಳ ಝೆರಾಕ್ಸ್ ತೆಗೆದು ಕೂತೆ. ಇದಕ್ಕೆ ಏನು ಬರುತ್ತೆ?

2, 9, 4, 12, 8, 15, ?

ಆಯ್ಕೆಗಳು 14, 16, 18, 20. ನನಗೆ 16 ಬಂತು. 2, 4, 8, 16. ಸಾಕ್ಷಿ ಸಾಲು 9, 12, 15, ಚೊಕ್ಕವಾಗಿದೆ.

ಶಾರ್ಟ್‌ಕಟ್ ಗುರು

ನನಗೆ 14. ಏರಿಕೆ 2, 4, ಮುಂದೆ 6. ನಿಮ್ಮ ಸಾಕ್ಷಿಯೇ ನನಗೂ ಸಾಕ್ಷಿ.

ಕಾಫಿ ತೋಟ

ಇಬ್ಬರೂ ಸರಿ ಇರೋಕೆ ಹೇಗೆ ಸಾಧ್ಯ?

ನಿವೃತ್ತ ಮೇಷ್ಟ್ರು

ಸಾಧ್ಯ. 2, 4, 8 ಎಂಬ ಮೂರು ಸಂಖ್ಯೆಗೆ ಎರಡು ನಿಯಮವೂ ಹೊಂದುತ್ತದೆ. ಸಾಕ್ಷಿ ಸಾಲು ಇಲ್ಲಿ ‘ಎರಡಾಗಿ ಒಡೆದದ್ದು ಸರಿ’ ಎಂದಷ್ಟೇ ಹೇಳುತ್ತದೆ, ಖಾಲಿ ಜಾಗದ ಸಾಲಿನಲ್ಲಿ ಯಾವ ನಿಯಮ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ನಿಜ ಹೇಳಬೇಕೆಂದರೆ ಕೊಟ್ಟ ಸಂಖ್ಯೆಗಳ ಮುಂದೆ ಯಾವ ಸಂಖ್ಯೆ ಇಟ್ಟರೂ ಅದಕ್ಕೆ ಹೊಂದುವ ಒಂದು ಬಹುಪದೋಕ್ತಿಯನ್ನು ಕಟ್ಟಬಹುದು. ಇಂಥ ಪ್ರಶ್ನೆಗಳು ನಡೆಯುವುದೇ ‘ಎಲ್ಲಕ್ಕಿಂತ ಸರಳವಾದದ್ದು’ ಎಂಬ ಒಪ್ಪಂದದ ಮೇಲೆ. ನನಗೆ ದುಪ್ಪಟ್ಟು ಸರಳ, ಹಾಗಾಗಿ 16 ಎನ್ನುತ್ತೇನೆ.

ಶಾರ್ಟ್‌ಕಟ್ ಗುರು

ಕೂಡೋದು ಗುಣಿಸೋದಕ್ಕಿಂತ ಸರಳ ಅಲ್ವಾ ಸರ್? ಒಂದನೇ ಕ್ಲಾಸಲ್ಲಿ ಮೊದಲು ಕಲಿಸೋದು ಕೂಡೋದು.

ಮಂಗಳೂರು ಮಳೆ

ನನಗೆ ಕೇಳಿದರೆ 14 ಮತ್ತು 16 ಎರಡನ್ನೂ ಆಯ್ಕೆಯಲ್ಲಿ ಇಟ್ಟದ್ದೇ ತಪ್ಪು. ಒಂದನ್ನು ಬಿಟ್ಟಿದ್ದರೆ ಜಗಳವೇ ಇರಲಿಲ್ಲ. ಅಥವಾ ಇನ್ನೆರಡು ಸಂಖ್ಯೆ ಹೆಚ್ಚು ಕೊಡಬೇಕಿತ್ತು. ನಿಜವಾದ ಪರೀಕ್ಷೆಯಲ್ಲಿ ಇಂಥದ್ದು ಬಂದರೆ ತಾತ್ಕಾಲಿಕ ಕೀ ಉತ್ತರ ಬಿಟ್ಟಾಗ ಆಕ್ಷೇಪಣೆ ಹಾಕಿ, ಎರಡೂ ನಿಯಮ ಬಿಡಿಸಿ ಬರೆದು ತೋರಿಸಿ. ‘ನನ್ನ ಉತ್ತರ ಸರಿ’ ಅಂತಷ್ಟೇ ಬರೆದರೆ ಯಾರೂ ನೋಡುವುದಿಲ್ಲ.

ಶಾರ್ಟ್‌ಕಟ್ ಗುರು

ಹಾಲ್‌ನಲ್ಲಿ ಯಾವುದನ್ನ ಗುರುತು ಹಾಕಲಿ ಅದನ್ನ ಹೇಳಿ ಮೇಡಂ. ಆಕ್ಷೇಪಣೆ ಆಮೇಲಿನ ಮಾತು.

ಮಂಗಳೂರು ಮಳೆ

ನಾನು 16 ಹಾಕುತ್ತಿದ್ದೆ. ಆದರೆ ನಿಮ್ಮ 14ನ್ನು ತಪ್ಪು ಅಂತ ಹೇಳಲು ನನ್ನ ಹತ್ತಿರ ಆಧಾರ ಇಲ್ಲ.

ಗದಗ ಗಿರಮಿಟ್

ಅದೆಲ್ಲಾ ಇರ್ಲಿ, ನಂದೊಂದು ಪ್ರಶ್ನೆ ಐತಿ. ಇವತ್ತ ಮುಂಜಾನೆ ಇನ್ನೊಂದು ಟೆಸ್ಟ್ ಬರದೆ. ಪಿಡಿಒ ಅಣ್ಣಾರ, ನೀವ ಬಿಡಸ್ರಿ. ಗಡಿಯಾರ ಇಟಕೋರಿ.

8, 3, 11, 6, 15, 12, 20, 24, 26, ?

ಪಿಡಿಒ ಕನಸು

ಬಿಡಿಸಿದೆ. ಒಂಬತ್ತು ಸಂಖ್ಯೆ ಕೊಟ್ಟಿದ್ದಾರೆ ಅಂದಾಗಲೇ ಅನುಮಾನ ಬಂತು. ಶುರುವಲ್ಲಿ ಏರಿಳಿತ ಇದೆ, ಆದರೆ ಕೊನೆಗೆ 20, 24, 26 ಒಂದೇ ಸಮ ಏರಿದ್ದು ನೋಡಿ ಒಂದು ಕ್ಷಣ ತಡವರಿಸಿದೆ. ಆಮೇಲೆ ಪೆನ್ನನ್ನು ಪ್ರಶ್ನಾರ್ಥಕ ಚಿಹ್ನೆ ಮೇಲೆ ಇಟ್ಟು ಹಿಂದಕ್ಕೆ ಜಿಗಿದೆ: 24, 12, 6, 3. ಪ್ರತಿ ಸಲ ಅರ್ಧ. ಹಾಗಾದರೆ 48. ಸಾಕ್ಷಿ ಸಾಲು 8, 11, 15, 20, 26: ಏರಿಕೆ 3, 4, 5, 6. ಪಕ್ಕಾ. 48, ಇಪ್ಪತ್ತೆರಡು ಸೆಕೆಂಡ್.

ಏರಿಳಿತ ಯಾಕೆ ನಿಂತಿತು ಅಂತಲೂ ಈಗ ಕಾಣುತ್ತಿದೆ. ದುಪ್ಪಟ್ಟಾಗುವ ಸಾಲು ಕೆಳಗಿನಿಂದ ಶುರುವಾಗಿ 24ರ ಹೊತ್ತಿಗೆ ಮೇಲಿನ ಸಾಲನ್ನು ಹಿಡಿದುಬಿಟ್ಟಿದೆ.

ನಿವೃತ್ತ ಮೇಷ್ಟ್ರು

ಭೇಷ್. ಸಾಕ್ಷಿ ಸಾಲನ್ನು ಮರೆಯಲಿಲ್ಲ.

ಗದಗ ಗಿರಮಿಟ್

ನಂಗೂ 48 ಬಂದಿತ್ರಿ! ಈ ಸಲ ಬೆರಳಿಟ್ಟು ಹಿಂದಕ್ಕ ಜಿಗದೀನಿ, ತಪ್ಪೋ ಮಾತ ಇಲ್ಲ. ಆದ್ರ ಟೆಸ್ಟ್ ಕೊಟ್ಟವ್ರ ಕೀದಾಗ 33 ಅಂತ ಐತಿ. 48ಕ್ಕ ತಪ್ಪು ಹಾಕ್ಯಾರ. ಅದ ಹೆಂಗ್ ಬಂತ್ರಿ 33?

ಪಿಡಿಒ ಕನಸು

26ಕ್ಕೆ 7 ಕೂಡಿಸಿದ್ದಾರೆ. 3, 4, 5, 6, ಆಮೇಲೆ 7. ಅದು ಹನ್ನೊಂದನೇ ಜಾಗದಲ್ಲಿ ಬರಬೇಕಾದ ಸಂಖ್ಯೆ, ಅವರು ಕೇಳಿದ್ದು ಹತ್ತನೆಯದು.

ಗದಗ ಗಿರಮಿಟ್

ಹಂಗಾರ ಕೀ ಬರದಾವ್ರೂ ನನ್ನಂಗ ಕೊನೀ ಸಂಖ್ಯೆ ಹಿಡಕೊಂಡ ಮುಂದ ಹೋಗ್ಯಾರ. ಸಂಜೀಕ ಫೋನ್ ಹಚ್ಚತೀನ್ರಿ ಅವ್ರಿಗೆ. ಒಂದು ಅಂಕ, ಮ್ಯಾಲ ಕಾಲು ಅಂಕ, ಎರಡೂ ವಾಪಸ್ ಬೇಕು.